ತಲೆ ತಗ್ಗಿಸುವ ಗಂಡ, ಹೇಳಿದಷ್ಟನ್ನೇ ಕೇಳಿಸಿಕೊಳ್ಳುವ ಹೆಂಡತಿ

ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯ ಊರುಗಳಲ್ಲಿ ಕನ್ಯಾ ನೋಡಲು ಹೋದವರು ಮನೆಗೆ ಮರಳುವ ದಾರಿಯಲ್ಲೇ ತೀರ್ಪು ಕೊಟ್ಟುಬಿಡುತ್ತಾರೆ. ಹುಡುಗಿ ಚಹಾದ ತಾಟು ಇಟ್ಟು ತಲೆ ಎತ್ತದೆ ಕುಳಿತಿದ್ದರೆ “ಹುಡುಗಿ ಭಾಳ ಮರ್ಯಾದಸ್ತಳು” ಎನ್ನುತ್ತಾರೆ. ಹುಡುಗನೂ ಹಾಗೆಯೇ ನೆಲ ನೋಡುತ್ತ ಕುಳಿತಿದ್ದರೆ ಹುಡುಗಿಯ ಮನೆಯಲ್ಲಿ ಗುಸುಗುಸು ಶುರುವಾಗುತ್ತದೆ: “ಹುಡುಗ ಮಾರಿ ಎತ್ತಿ ಮಾತಾಡಲಿಲ್ಲ. ಮನಸ್ಸಿಲ್ಲದ ಬಂದಾನೋ, ಏನರ ಐಬು ಐತೋ?” ಇಬ್ಬರೂ ಮಾಡಿದ್ದು ಒಂದೇ ಕೆಲಸ. ಒಬ್ಬರಿಗೆ ಹೊಗಳಿಕೆ ಸಿಕ್ಕಿತು, ಇನ್ನೊಬ್ಬರಿಗೆ ಅನುಮಾನ.

ಮದುವೆಯಾದ ಮೇಲೆ ಈ ಲೆಕ್ಕಾಚಾರ ಇನ್ನೂ ಬಿಗಿಯಾಗುತ್ತದೆ. ಗಂಡ ಮಾತಾಡುವಾಗ ಕಣ್ಣು ತಪ್ಪಿಸಿದರೆ ಏನೋ ಮುಚ್ಚಿಡುತ್ತಿದ್ದಾನೆ ಎಂದಾಗುತ್ತದೆ. ಹೆಂಡತಿ ಹೇಳಿದಷ್ಟನ್ನೇ ಮಾಡಿ ಸುಮ್ಮನಾದರೆ ಬೇಕಂತಲೇ ಮಾಡುತ್ತಿದ್ದಾಳೆ ಎಂದಾಗುತ್ತದೆ. ಎರಡೂ ನಿಜವಿರಬಹುದು, ಎರಡೂ ಪೂರಾ ಸುಳ್ಳೂ ಇರಬಹುದು. ಯಾವುದೆಂದು ತಿಳಿಯಲು ಮುಖ ನೋಡುವುದಕ್ಕಿಂತ ಒಳ್ಳೆಯ ದಾರಿಗಳಿವೆ.

ಮೊದಲು ಕಣ್ಣಿನ ವಿಷಯ. ಸುಳ್ಳು ಹೇಳುವವರು ಕಣ್ಣು ತಪ್ಪಿಸುತ್ತಾರೆ ಎಂಬ ನಂಬಿಕೆ ನಮ್ಮ ಸೀಮೆಯದಷ್ಟೇ ಅಲ್ಲ. ಹಲವು ದೇಶಗಳ ಸಂಶೋಧಕರು ಒಟ್ಟಾಗಿ ನಡೆಸಿ 2006ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಸುಳ್ಳುಗಾರರನ್ನು ಹೇಗೆ ಗುರುತಿಸುತ್ತೀರಿ ಎಂಬ ಪ್ರಶ್ನೆಗೆ ಜಗತ್ತಿನಾದ್ಯಂತ ಜನ ಎಲ್ಲಕ್ಕಿಂತ ಹೆಚ್ಚಾಗಿ ಕೊಟ್ಟ ಉತ್ತರ ಇದೇ ಆಗಿತ್ತು. ಅದೇ ವರ್ಷ ಬಾಂಡ್ ಮತ್ತು ಡಿಪೌಲೊ ಎಂಬ ಇಬ್ಬರು ಮನೋವಿಜ್ಞಾನಿಗಳು ಹಳೆಯ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದರು. ಎದುರಿನವರು ಹೇಳುತ್ತಿರುವುದು ಸತ್ಯವೋ ಸುಳ್ಳೋ ಎಂದು ಜನ ಸರಿಯಾಗಿ ಹೇಳಿದ್ದು ಸರಾಸರಿ ನೂರರಲ್ಲಿ 54 ಸಲ ಮಾತ್ರ. ನಾಣ್ಯ ಚಿಮ್ಮಿದರೂ 50 ಬರುತ್ತದೆ. ಇನ್ನೊಂದು ಸಾದಾ ಸಂಗತಿಯೂ ಇದೆ. ಕಷ್ಟದ ಲೆಕ್ಕ ಮಾಡುವಾಗ, ಹಳೆಯದನ್ನು ನೆನಪಿಸಿಕೊಳ್ಳುವಾಗ ಯಾರೇ ಆದರೂ ಎದುರಿನ ಮುಖದಿಂದ ಕಣ್ಣು ತೆಗೆಯುತ್ತಾರೆ. ಮುಖ ನೋಡುವುದೂ ಮೆದುಳಿಗೆ ಒಂದು ಕೆಲಸ. ಅದನ್ನು ಬಿಟ್ಟರೆ ಯೋಚನೆಗೆ ಜಾಗ ಸಿಗುತ್ತದೆ. “ಮೊನ್ನಿ ಎಷ್ಟು ರೊಕ್ಕ ಕೊಟ್ರಿ?” ಎಂದು ಹೆಂಡತಿ ಕೇಳಿದಾಗ ಗಂಡ ಛಾವಣಿ ನೋಡಿದರೆ, ಅವನು ನೆನಪು ಮಾಡಿಕೊಳ್ಳುತ್ತಿರುವ ಸಂಭವವೇ ಹೆಚ್ಚು.

ಹಾಗಾದರೆ ಸದಾ ಕಣ್ಣು ತಪ್ಪಿಸುವವರ ಒಳಗೆ ಏನು ನಡೆಯುತ್ತದೆ? ಜನರ ನಡುವೆ ಹೋಗುವ ಭಯ ಒಂದು ಮಿತಿ ದಾಟಿ, ಆರು ತಿಂಗಳಿಗೂ ಹೆಚ್ಚು ಕಾಲ ಬಿಡದೆ, ಕೆಲಸಕ್ಕೋ ಸಂಸಾರಕ್ಕೋ ಅಡ್ಡಿಯಾದರೆ ಮನೋವೈದ್ಯರು ಅದನ್ನು ಸಾಮಾಜಿಕ ಆತಂಕದ ಕಾಯಿಲೆ ಎನ್ನುತ್ತಾರೆ. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಇದಕ್ಕೆ ಪ್ರತ್ಯೇಕ ಹೆಸರು ಸಿಕ್ಕಿತು. 1995ರಲ್ಲಿ ಕ್ಲಾರ್ಕ್ ಮತ್ತು ವೆಲ್ಸ್ ಎಂಬ ಬ್ರಿಟಿಷ್ ಮನೋವಿಜ್ಞಾನಿಗಳು ಇದು ಹೇಗೆ ನಡೆಯುತ್ತದೆ ಎಂದು ಬಿಡಿಸಿ ಹೇಳಿದರು. ಇಂದಿನ ಚಿಕಿತ್ಸೆ ಬಹುಮಟ್ಟಿಗೆ ಆ ವಿವರಣೆಯ ಮೇಲೆ ನಿಂತಿದೆ.

ಅವರು ಹೇಳಿದ್ದು ಇಷ್ಟು. ಆತಂಕವಿರುವ ವ್ಯಕ್ತಿ ಜನರ ನಡುವೆ ಕುಳಿತಾಗ ಅವನ ಗಮನ ಜನರ ಮೇಲೆ ಇರುವುದೇ ಇಲ್ಲ, ತನ್ನ ಮೇಲೆಯೇ ಇರುತ್ತದೆ. ಎದೆ ಹೊಡೆದುಕೊಳ್ಳುವುದು, ಅಂಗೈ ಬೆವರುವುದು, ದನಿ ನಡುಗುವುದು ಇವನ್ನೆಲ್ಲ ಒಳಗಿನಿಂದ ಗಮನಿಸಿ, ‘ಎಲ್ಲರಿಗೂ ನಾನು ಹೀಗೇ ಕಾಣುತ್ತಿದ್ದೇನೆ’ ಎಂಬ ಚಿತ್ರವೊಂದನ್ನು ಕಟ್ಟಿಕೊಳ್ಳುತ್ತಾನೆ. ಆ ಚಿತ್ರ ನಿಜಕ್ಕಿಂತ ಕೆಟ್ಟದಾಗಿರುತ್ತದೆ. ಅದರಿಂದ ಪಾರಾಗಲು ಸಣ್ಣ ಸಣ್ಣ ಉಪಾಯ ಮಾಡುತ್ತಾನೆ: ಕಣ್ಣು ಕೆಳಗಿಡುವುದು, ಮೊಬೈಲ್ ತೆಗೆಯುವುದು, ಲೋಟವನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿಯುವುದು, ಆಡುವ ಮಾತನ್ನು ಬಾಯಲ್ಲೇ ಎರಡು ಸಲ ತಾಲೀಮು ಮಾಡುವುದು. ಎಡವಟ್ಟು ಆಗುವುದು ಇಲ್ಲಿಯೇ. ಎದುರಿನವರಿಗೆ ಅವನ ಭಯ ಕಾಣುವುದಿಲ್ಲ, ಈ ಉಪಾಯಗಳಷ್ಟೇ ಕಾಣುತ್ತವೆ. ಅವು ಸೊಕ್ಕಿನಂತೆ, ಬೇಸರದಂತೆ ಕಾಣುತ್ತವೆ. ಅವರೂ ಬಿಗಿಯಾಗುತ್ತಾರೆ. ಅವರ ಬಿಗಿ ಮುಖ ಕಂಡು ಇವನು ‘ನೋಡಿದೆಯಾ, ನಾನು ಯಾರಿಗೂ ಸೇರುವುದಿಲ್ಲ’ ಅಂದುಕೊಳ್ಳುತ್ತಾನೆ. ಮನೆಗೆ ಬಂದ ಮೇಲೆ ಆಡಿದ ನಾಲ್ಕು ಮಾತುಗಳನ್ನು ಮಧ್ಯರಾತ್ರಿಯವರೆಗೆ ತಿರುವಿ ಹಾಕುತ್ತಾನೆ.

ಒಂದು ಜೋಡಿಯನ್ನು ಇಟ್ಟುಕೊಂಡು ನೋಡೋಣ. ಇದು ಯಾವುದೋ ಒಂದು ಮನೆಯ ಗುಟ್ಟಲ್ಲ. ಇಂಥ ಹಲವು ಮನೆಗಳಲ್ಲಿ ನಡೆಯುವುದನ್ನು ಸೇರಿಸಿ ಕಟ್ಟಿದ್ದು. ಗಂಡ ಸಿಂಧನೂರಿನ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ. ಹೆಂಡತಿಯ ತವರು ತುಂಗಭದ್ರೆ ದಂಡೆಯ ಮುಕ್ಕುಂದ. ಯುಗಾದಿಗೆ ಮಾವನ ಮನೆಗೆ ಹೋದವನು ಕಟ್ಟೆಯ ಮೇಲೆ ಕುಳಿತು ಮೊಬೈಲ್ ಒತ್ತುತ್ತಿದ್ದ. ಮಾವ ಕೇಳಿದ ಮೂರು ಪ್ರಶ್ನೆಗೂ ‘ಹ್ಞೂ’, ‘ಇಲ್ರಿ’ ಎಂದು ನೆಲ ನೋಡಿ ಉತ್ತರ ಕೊಟ್ಟ. ಊಟ ಆಗುತ್ತಿದ್ದಂತೆ ಎದ್ದ. ಅತ್ತೆ ಮಗಳನ್ನು ಅಡುಗೆಮನೆಗೆ ಕರೆದು, “ಯಾಕವ್ವ, ಅಳಿಯಂದ್ರಿಗೆ ಏನರ ಕಡಿಮಿ ಆತೇನು? ಮಾರಿ ಎತ್ತಿ ನೋಡವಲ್ರು” ಎಂದು ಕೇಳಿದಳು. ಸಿಂಧನೂರಿಗೆ ಬರುವ ಬಸ್ಸಿನಲ್ಲಿ ಹೆಂಡತಿ ಅಂದಳು: “ನಮ್ಮವರಂದ್ರ ನಿಮಗ ಅಸಡ್ಡಿ ಅಲ್ರಿ?” ಅವನು ಕಿಟಕಿಯಾಚೆ ನೋಡಿದ. ಅವಳಿಗೆ ಅಷ್ಟೇ ಸಾಕಾಯಿತು.

ಅವಳ ಮುಂದೆ ಈಗ ಇರುವ ಕೆಲಸ, ಕಣ್ಣು ತಪ್ಪಿಸುವುದು ಎಲ್ಲಿ ಆಗುತ್ತದೆ, ಎಲ್ಲಿ ಆಗುವುದಿಲ್ಲ ಎಂದು ನೋಡುವುದು. ಒಂದು ಸಲದ ವರ್ತನೆ ಏನನ್ನೂ ಹೇಳುವುದಿಲ್ಲ. ಎರಡು ಮೂರು ವಾರದ ವರ್ತನೆ ತುಂಬ ಹೇಳುತ್ತದೆ. ರಾತ್ರಿ ಅಡುಗೆಮನೆಯಲ್ಲಿ ಇಬ್ಬರೇ ಇದ್ದಾಗ ಅವನು ಮುಖ ನೋಡಿ ನಗುತ್ತಾನೆಯೇ? ಗಿರಣಿಯ ಹಮಾಲರ ಜೊತೆ ತೂಕದ ಲೆಕ್ಕ ಮಾತಾಡುವಾಗ ಸಲೀಸಾಗಿರುತ್ತಾನೆಯೇ? ಅವನ ಸ್ವಂತ ಅಣ್ಣನ ಮದುವೆಯಲ್ಲೂ ಹೀಗೇ ಮೂಲೆ ಹಿಡಿದಿದ್ದನೇ? ಮನೆಯಲ್ಲಿ ನೋಡಿ, ಗೊತ್ತಿದ್ದ ಕೆಲಸದಲ್ಲಿ ನೋಡಿ, ಹೊಸಬರ ಮುಂದೆ ಮತ್ತು ತನ್ನನ್ನು ಅಳೆಯುವ ಹಿರಿಯರ ಮುಂದೆ ಮಾತ್ರ ನೋಡದೆ ಇದ್ದರೆ ಅದು ಆತಂಕದ ಗುರುತು. ತನ್ನ ಬೀಗರ ಮುಂದೆ ಹೇಗೋ ತನ್ನ ಬಂಧುಗಳ ಮುಂದೆಯೂ ಹಾಗೇ ಇದ್ದರೆ ಅಸಡ್ಡೆಯ ಆರೋಪ ಬಿದ್ದುಹೋಗುತ್ತದೆ. ಅಸಡ್ಡೆಯ ಗುರುತು ಬೇರೆ: ಅದು ಆಯ್ದ ಕೆಲವರ ಮೇಲಷ್ಟೇ ಬರುತ್ತದೆ, ಮತ್ತು ಕಣ್ಣೊಂದರಲ್ಲೇ ನಿಲ್ಲದೆ ಕೆಲಸದಲ್ಲೂ ಕಾಣುತ್ತದೆ. ಅತ್ತೆಗೆ ಜ್ವರ ಬಂದಾಗ ಔಷಧ ತಂದುಕೊಟ್ಟವನು ಯಾರು ಎಂದು ಅವಳು ನೆನಪಿಸಿಕೊಂಡರೆ ಅರ್ಧ ಉತ್ತರ ಸಿಕ್ಕೀತು.

ಎರಡನೆಯ ಪ್ರಶ್ನೆ ‘ಯಾವಾಗಿನಿಂದ’ ಎಂಬುದು. ಸಾಮಾಜಿಕ ಆತಂಕ ಬಹುಪಾಲು ಹದಿಹರೆಯದಲ್ಲೇ ಶುರುವಾಗಿರುತ್ತದೆ. ಶಾಲೆಯಲ್ಲಿ ಎದ್ದು ನಿಂತು ಪಾಠ ಓದಲು ನಡುಗುತ್ತಿದ್ದ ಹುಡುಗ ಇವನೇ ಎಂದು ಅವನ ಅವ್ವ ಹೇಳಿಯಾಳು. ಮೊನ್ನೆ ಮೊನ್ನೆಯವರೆಗೆ ಎಲ್ಲರ ಜೊತೆ ಹರಟೆ ಹೊಡೆಯುತ್ತಿದ್ದವನು ಎರಡು ತಿಂಗಳಿಂದ ಮುಖ ತಪ್ಪಿಸುತ್ತಿದ್ದರೆ ಕಾರಣ ಬೇರೆ ಇದೆ: ಸಾಲ, ಜಗಳ, ಖಿನ್ನತೆ, ಕುಡಿತ, ಅಥವಾ ನಿಜವಾಗಿಯೂ ಮುಚ್ಚಿಟ್ಟ ಸಂಗತಿ. ಆಗ ಆತಂಕ ಎಂದು ಸಮಾಧಾನ ಮಾಡಿಕೊಳ್ಳುವುದು ತಪ್ಪಾಗುತ್ತದೆ.

ಮೂರನೆಯದು ಆ ಜಾಗದ ರೂಢಿ. ಹಿರಿಯರ ಮುಂದೆ ತಲೆ ಎತ್ತಿ ದಿಟ್ಟಿಸುವುದು ಉದ್ಧಟತನ ಎಂದು ಕಲಿತು ಬೆಳೆದ ಸೊಸೆ, ಮಾವನ ಮುಂದೆ ಸೆರಗು ಸರಿಮಾಡಿಕೊಂಡು ನೆಲ ನೋಡಿದರೆ ಅದನ್ನು ಕಾಯಿಲೆ ಎನ್ನಲಾಗದು. ಬೆಂಗಳೂರಿನ ಸಂದರ್ಶನದಲ್ಲಿ ಕಣ್ಣಿಗೆ ಕಣ್ಣು ಕೊಡುವುದನ್ನು ಕಲಿಸುವ ಪುಸ್ತಕಗಳನ್ನು ಮುಕ್ಕುಂದದ ಪಡಸಾಲೆಗೆ ತಂದರೆ ಅಳತೆಯೇ ತಪ್ಪುತ್ತದೆ. ಹಾಗೆಂದು ರೂಢಿಯ ಹೆಸರಿನಲ್ಲಿ ಹೆಣ್ಣುಮಕ್ಕಳ ಆತಂಕ ಮುಚ್ಚಿಹೋಗುವುದೂ ಉಂಟು. ಗಂಡಸಿನ ತಗ್ಗಿದ ತಲೆ ಬೇಗ ಪ್ರಶ್ನೆಗೆ ಒಳಗಾಗುತ್ತದೆ; ಹೆಂಗಸಿನದು ‘ಒಳ್ಳೆ ಗುಣ’ವಾಗಿ ವರ್ಷಗಟ್ಟಲೆ ಉಳಿದುಬಿಡುತ್ತದೆ. ಸಂತೆಗೆ ಹೋಗಲಾರದೆ, ಆಸ್ಪತ್ರೆಯಲ್ಲಿ ತನ್ನ ನೋವು ಹೇಳಲಾರದೆ ಒದ್ದಾಡುವವಳನ್ನು ಮರ್ಯಾದಸ್ತಳು ಎಂದು ಹೊಗಳಿದರೆ ಅವಳಿಗೆ ಏನೂ ಸಿಗುವುದಿಲ್ಲ.

ಅನುಮಾನ ಬಂದವರು ತಮ್ಮನ್ನೇ ಕೇಳಿಕೊಳ್ಳಬಹುದಾದ ಮೂರು ಪ್ರಶ್ನೆಗಳಿವೆ. ವೈದ್ಯರು ಬಳಸುವ ಒಂದು ಚಿಕ್ಕ ಪಟ್ಟಿಯ ಸಾರ ಅದು. ಮುಜುಗರ ಆದೀತೆಂಬ ಭಯದಿಂದ ಕೆಲಸಗಳನ್ನು, ಮಾತುಕತೆಯನ್ನು ತಪ್ಪಿಸುತ್ತೇನೆಯೇ? ಎಲ್ಲರ ಗಮನ ನನ್ನ ಮೇಲೆ ಬೀಳುವ ಕಡೆ ಹೋಗದೆ ಇರುತ್ತೇನೆಯೇ? ಜನರ ಮುಂದೆ ಪೆದ್ದನಂತೆ ಕಾಣುವುದು ನನ್ನ ಅತಿ ದೊಡ್ಡ ಭಯಗಳಲ್ಲಿ ಒಂದೇ? ಒಂದೊಂದಕ್ಕೂ ‘ಇಲ್ಲವೇ ಇಲ್ಲ’ ಎಂದರೆ 0, ‘ವಿಪರೀತ’ ಎಂದರೆ 4. ಮೂರೂ ಸೇರಿ 6 ಅಥವಾ ಹೆಚ್ಚು ಬಂದರೆ ವೈದ್ಯರ ಹತ್ತಿರ ಮಾತಾಡುವುದು ಒಳ್ಳೆಯದು. ಇಷ್ಟರಿಂದಲೇ ಕಾಯಿಲೆ ಎಂದು ತೀರ್ಮಾನಿಸಲು ಬರುವುದಿಲ್ಲ. ಉತ್ತರವನ್ನು ಅವನೇ ಕೊಡಬೇಕು, ಹೆಂಡತಿ ಪಕ್ಕದಲ್ಲಿ ಕುಳಿತು ಅಂಕ ಹಾಕುವುದಲ್ಲ.

ಇನ್ನು ಮಾತಿನ ವಿಷಯ. ಹೇಳಿದ್ದನ್ನು ಹೇಳಿದ ಹಾಗೆಯೇ ತೆಗೆದುಕೊಳ್ಳುವುದನ್ನು ಬಹಳ ಜನ ಸಂಕೋಚದ ಜೊತೆ ಒಂದೇ ಗಂಟಿಗೆ ಕಟ್ಟುತ್ತಾರೆ. ಇವು ಬೇರೆ ಬೇರೆ. ಸಾಮಾಜಿಕ ಆತಂಕ ಇರುವವರಿಗೆ ಮಾತಿನ ಒಳಾರ್ಥ ಚೆನ್ನಾಗಿಯೇ ಗೊತ್ತಾಗುತ್ತದೆ. ಅವರ ತೊಂದರೆ, ಇಲ್ಲದ ಒಳಾರ್ಥವೂ ಗೊತ್ತಾಗುವುದು. ಭಾವ ನಗುತ್ತ “ಏನಪಾ, ಬರೇ ಉಣ್ಣಾಕ ಬಂದಿಯೇನು?” ಎಂದು ಚೇಷ್ಟೆ ಮಾಡಿದರೆ ಆತಂಕದವನು ಅದನ್ನು ನಿಜವೆಂದೇ ತೆಗೆದುಕೊಳ್ಳುತ್ತಾನೆ. ಅದೇ ಭಾವ “ಲೆಕ್ಕದಾಗ ನಿನ್ನಂಥವ ಸಿಂಧನೂರಾಗ ಇಲ್ಲ ಬಿಡು” ಎಂದರೆ ಅದು ಮಾತ್ರ ಬಾಯಿಮಾತು ಎಂದು ತಳ್ಳಿಹಾಕುತ್ತಾನೆ. ಎರಡು ಅರ್ಥಕ್ಕೆ ಅವಕಾಶವಿರುವ ಸನ್ನಿವೇಶದಲ್ಲಿ ಆತಂಕದವರು ಕೆಟ್ಟ ಅರ್ಥವನ್ನೇ ಆರಿಸಿಕೊಳ್ಳುತ್ತಾರೆ ಎಂಬುದು ಮನೋವಿಜ್ಞಾನದ ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ.

ಆಟಿಸಂ ಇರುವವರು ಮಾತನ್ನು ಹಾಗೆಯೇ ತೆಗೆದುಕೊಳ್ಳುವುದು ಇನ್ನೊಂದು ಬಗೆ. ಅಲ್ಲಿ ಬೈಗುಳಕ್ಕೂ ಹೊಗಳಿಕೆಗೂ ಒಂದೇ ತಕ್ಕಡಿ. ಚೇಷ್ಟೆಯನ್ನು ನಿಜವೆಂದುಕೊಂಡವಳು ಹೊಗಳಿಕೆಯನ್ನೂ ನಿಜವೆಂದೇ ನಂಬುತ್ತಾಳೆ. ‘ಐದು ನಿಮಿಷದಾಗ ಬರ್ತೀನಿ’ ಎಂದ ಗಂಡ ಹದಿನೈದು ನಿಮಿಷಕ್ಕೆ ಬಂದರೆ ಸುಳ್ಳು ಹೇಳಿದ ಎನ್ನುತ್ತಾಳೆ. ಕಣ್ಣಿನ ವಿಷಯದಲ್ಲೂ ವ್ಯತ್ಯಾಸವಿದೆ. ಅವಳು ಹೊಸಬರ ಮುಂದೆ ಹೇಗೋ ಹೆತ್ತವ್ವನ ಮುಂದೆಯೂ ಹೆಚ್ಚುಕಡಿಮೆ ಹಾಗೇ. ಮುಖ ನೋಡುವುದೇ ತ್ರಾಸು, ನೋಡದಿದ್ದರೆ ಮಾತು ಚೆನ್ನಾಗಿ ಕೇಳಿಸುತ್ತದೆ ಎಂದು ಇಂಥವರಲ್ಲಿ ಅನೇಕರು ಹೇಳುತ್ತಾರೆ. ಆಟಿಸಂ ಮಕ್ಕಳ ಕಾಯಿಲೆ, ಮಾತು ಬಾರದವರ ಕಾಯಿಲೆ ಎಂಬ ತಿಳಿವಳಿಕೆಯಿಂದಾಗಿ ಓದು ಬರಹ ಕಲಿತು ಮದುವೆಯಾಗಿ ಸಂಸಾರ ನಡೆಸುವವರಲ್ಲಿ ಅದು ಇದ್ದೀತೆಂದು ಯಾರೂ ಯೋಚಿಸುವುದಿಲ್ಲ. ನಮ್ಮಲ್ಲಿ ಸರಕಾರಿ ಪ್ರಮಾಣಪತ್ರಕ್ಕೆ ಬಳಸುವ 40 ಅಂಶಗಳ ಮಾಪನವೂ ಮುಖ್ಯವಾಗಿ ಮಕ್ಕಳನ್ನು ಗಮನದಲ್ಲಿ ಇಟ್ಟುಕೊಂಡದ್ದು. ಇನ್ನೊಂದು ತೊಡಕು: ಆಟಿಸಂ ಇರುವವರಿಗೆ ಸಾಮಾಜಿಕ ಆತಂಕವೂ ಇರುವುದು ಅಪರೂಪವಲ್ಲ. ವರ್ಷಗಟ್ಟಲೆ ಜನ ನಕ್ಕಿದ್ದರೆ ಭಯ ಬಾರದೆ ಇನ್ನೇನು?

ಇಲ್ಲೊಂದು ಸೂಕ್ಷ್ಮ. ನಮ್ಮ ಮನೆಗಳಲ್ಲಿ ಅಕ್ಕಿ ತೀರಿತು ಎನ್ನುವುದಿಲ್ಲ, ಹೆಚ್ಚಾಯಿತು ಎನ್ನುತ್ತೇವೆ. ದೀಪ ಆರಿಸು ಎನ್ನುವುದಿಲ್ಲ, ದೊಡ್ಡದು ಮಾಡು ಎನ್ನುತ್ತೇವೆ. ಮಾತನ್ನು ಹಾಗೆಯೇ ತೆಗೆದುಕೊಳ್ಳುವವರಿಗೆ ಇವು ಕಷ್ಟ ಅನ್ನಿಸಬಹುದು. ಸಾಮಾನ್ಯವಾಗಿ ಹಾಗಾಗುವುದಿಲ್ಲ. ಇಂಥ ಸಿದ್ಧ ಮಾತುಗಳನ್ನು ಅವರೂ ಎಲ್ಲ ಮಕ್ಕಳಂತೆ ಚಿಕ್ಕಂದಿನಲ್ಲೇ ಕಲಿತಿರುತ್ತಾರೆ. ಕೈಕೊಡುವುದು ಆ ಗಳಿಗೆಯಲ್ಲಿ ಹುಟ್ಟಿದ ಸೂಚನೆ. ಇನ್ನೊಂದು ಮನೆಯಲ್ಲಿ ಅತ್ತೆ ಹೊರಗೆ ಹೋಗುತ್ತ, “ಹಾಲು ಒಲಿ ಮ್ಯಾಲ ಐತಿ ನೋಡವ್ವ” ಎಂದಳು. ಸೊಸೆ ನೋಡಿದಳು, ಇತ್ತು. ಹಾಲು ಉಕ್ಕಿತು. ಉಕ್ಕುವ ಮುನ್ನ ಒಲೆ ಆರಿಸು ಎಂಬ ಮಾತನ್ನು ಅತ್ತೆ ಆಡಿರಲಿಲ್ಲ. ಅತ್ತೆಯ ಪ್ರಕಾರ ಆಡಬೇಕಾದ ಅಗತ್ಯವೇ ಇರಲಿಲ್ಲ. ಗಂಡ ಸಂಜೆ ಬಂದಾಗ ಎರಡು ದೂರು ಕಾದಿದ್ದವು: “ನಿನ್ನ ಹೇಣ್ತಿಗೆ ಸೊಕ್ಕು” ಎಂಬುದೊಂದು, “ಅತ್ತಿ ಹೇಳಿದ್ದ ಒಂದು, ಬೈದಿದ್ದ ಇನ್ನೊಂದು” ಎಂಬುದೊಂದು. ಎರಡನೆಯ ದೂರಿನಲ್ಲೂ ಹುರುಳಿದೆ ಎಂದು ಒಪ್ಪಿಕೊಳ್ಳುವುದೇ ನ್ಯಾಯದ ಮೊದಲ ಭಾಗ.

ಬ್ರಿಟನ್ನಿನ ಡೇಮಿಯನ್ ಮಿಲ್ಟನ್ ಸ್ವತಃ ಆಟಿಸಂ ಇರುವ ಸಮಾಜಶಾಸ್ತ್ರಜ್ಞ. ಈ ತಪ್ಪು ತಿಳಿವಳಿಕೆ ಎರಡೂ ಕಡೆಯದು ಎಂದು ಅವರು 2012ರಲ್ಲಿ ವಾದಿಸಿದರು. ಮುಂದೆ ಎಡಿನ್‌ಬರೋದಲ್ಲಿ ಕ್ಯಾಥರೀನ್ ಕ್ರಾಂಪ್ಟನ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದರು. ಒಂದು ಕಥೆಯನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುವ ಸರಪಳಿ ಅದು. ಮಕ್ಕಳು ಕಿವಿಯಲ್ಲಿ ಪಿಸುಗುಟ್ಟಿ ಆಡುವ ಆಟದಂತೆಯೇ. ಎಲ್ಲರೂ ಆಟಿಸಂ ಇರುವವರೇ ಆಗಿದ್ದ ಸರಪಳಿಯಲ್ಲಿ ಕಥೆ ಉಳಿದಷ್ಟೇ, ಯಾರಿಗೂ ಆಟಿಸಂ ಇಲ್ಲದ ಸರಪಳಿಯಲ್ಲೂ ಉಳಿಯಿತು. ಹೆಚ್ಚು ಸೋರಿಹೋದದ್ದು ಎರಡೂ ಬಗೆಯವರು ಬೆರೆತ ಸರಪಳಿಯಲ್ಲಿ. ಆ ಪ್ರಯೋಗದ ಪ್ರಕಾರ ಅವರ ಮಾತು ಕೆಟ್ಟಿಲ್ಲ. ಇಬ್ಬರ ನಡುವಿನ ದಾಟು ಕೆಟ್ಟಿದೆ. ಸರಿಪಡಿಸುವ ಹೊಣೆಯನ್ನೂ ಒಬ್ಬರ ತಲೆಗೇ ಕಟ್ಟಲು ಬರುವುದಿಲ್ಲ.

ಆತಂಕವನ್ನೂ ಮಾತನ್ನು ಹಾಗೆಯೇ ತೆಗೆದುಕೊಳ್ಳುವುದನ್ನೂ ಬೇರೆ ಮಾಡಿ ನೋಡಲೇಬೇಕಾದ ಕಾರಣ, ಎರಡಕ್ಕೂ ಮದ್ದು ತದ್ವಿರುದ್ಧ. ಮಾತನ್ನು ಹಾಗೆಯೇ ತೆಗೆದುಕೊಳ್ಳುವವರಿಗೆ ಮನೆಯವರು ಹೊಂದಿಕೊಂಡರೆ ನಷ್ಟವೇನಿಲ್ಲ. ಆತಂಕದವರಿಗೆ ಮನೆಯವರು ಪೂರಾ ಹೊಂದಿಕೊಂಡುಬಿಟ್ಟರೆ ಆತಂಕ ಬೆಳೆಯುತ್ತದೆ.

ಮೊದಲನೆಯದು ಸುಲಭ. ಸಮಯ, ಅಳತೆ, ಕೆಲಸ ಮೂರನ್ನೂ ಬಾಯಿಬಿಟ್ಟು ಹೇಳುವುದು. “ಲಗೂನ ಬಾ” ಅನ್ನುವ ಬದಲು “ಏಳು ಗಂಟಿ ಒಳಗ ಬಾ”. “ಹಾಲು ಐತಿ ನೋಡು” ಅನ್ನುವ ಬದಲು “ಹಾಲು ಉಕ್ಕು ಬಂದ ಕೂಡ್ಲೆ ಒಲಿ ಆರಸು”. ಚೇಷ್ಟೆ ಮಾಡಿದರೆ ಕೊನೆಗೆ “ಚಾಷ್ಟಿ ಮಾಡಿದೆ” ಎಂದು ಸೇರಿಸುವುದು. ಸಿಟ್ಟಿದ್ದರೆ ಪಾತ್ರೆ ಕುಕ್ಕದೆ “ನನಗ ಸಿಟ್ಟು ಬಂದೈತಿ, ಅರ್ಧ ತಾಸು ಬಿಟ್ಟು ಮಾತಾಡೋಣು” ಎನ್ನುವುದು. ‘ಏನಿಲ್ಲ ಬಿಡ್ರಿ’ ಎಂಬ ಮಾತು ಇಂಥ ಮನೆಯಲ್ಲಿ ಬಲು ಅಪಾಯಕಾರಿ. ಎದುರಿನವರು ನಿಜವಾಗಿಯೂ ಏನಿಲ್ಲ ಎಂದುಕೊಂಡು ಮಲಗಿಬಿಡುತ್ತಾರೆ. ಹೇಳಿಸಿಕೊಂಡವಳ ಪಾಲಿನ ಕೆಲಸವೂ ಇದೆ: ಅನುಮಾನ ಬಂದಾಗ “ನಾ ಏನು ಮಾಡಬೇಕು, ಬಿಡಿಸಿ ಹೇಳ್ರಿ” ಎಂದು ಕೇಳುವುದು. ಹಾಗೆ ಕೇಳಿದ್ದಕ್ಕೆ ಯಾರೂ ನಗಬಾರದು. ಇಂಥವರಿಗೆ ‘ನನ್ನ ಕಣ್ಣು ನೋಡಿ ಮಾತಾಡು’ ಎಂದು ಒತ್ತಾಯ ಮಾಡುವುದರಿಂದ ಏನೂ ದಕ್ಕುವುದಿಲ್ಲ. ಮಾತು ಕೇಳಿಸಿಕೊಳ್ಳುವುದೂ ನಿಂತುಹೋಗುತ್ತದೆ.

ಎರಡನೆಯದು ನಿಧಾನದ ಕೆಲಸ. ಗಿರಣಿ ಲೆಕ್ಕದವನ ಹೆಂಡತಿ ಅವನ ಕಷ್ಟ ಕಂಡು ಏನು ಮಾಡಿಯಾಳು? ಅವನ ಪರವಾಗಿ ಫೋನ್ ಎತ್ತುತ್ತಾಳೆ, ತನ್ನ ಅಪ್ಪ ಅವನನ್ನು ಕೇಳಿದ್ದಕ್ಕೆ ತಾನೇ ಉತ್ತರಿಸುತ್ತಾಳೆ, ಮದುವೆಗಳಿಗೆ ‘ಅವರಿಗೆ ಮೈಯಾಗ ಆರಾಮಿಲ್ಲ’ ಎಂದು ಒಬ್ಬಳೇ ಹೋಗುತ್ತಾಳೆ. ಪ್ರೀತಿಯಿಂದಲೇ ಮಾಡುತ್ತಾಳೆ. ಆದರೆ ತಪ್ಪಿಸಿಕೊಂಡ ಪ್ರತಿ ಸಲವೂ ಅವನ ಮನಸ್ಸು ಕಲಿಯುವುದು ‘ಹೋಗಿದ್ದರೆ ಅನಾಹುತವೇ ಆಗುತ್ತಿತ್ತು’ ಎಂಬ ಪಾಠ. ಹಾಗೆಂದು ಒಂದೇ ಸಲ ಎಳೆದುಕೊಂಡು ಹೋಗಿ ಅಂಬಾಮಠದ ಜಾತ್ರೆಯಲ್ಲಿ ನೂರು ಜನ ಬೀಗರ ನಡುವೆ ನಿಲ್ಲಿಸಿದರೂ ಕೆಲಸ ಕೆಡುತ್ತದೆ.

ಚಿಕಿತ್ಸಕರು ಮಾಡುವುದು ಮೆಟ್ಟಿಲು ಕಟ್ಟುವ ಕೆಲಸ. ಅದಕ್ಕೂ ಮೊದಲು ಗಂಡ ಹೆಂಡತಿ ಮಾತು ತೆಗೆಯುವ ಜಾಗ ಮುಖ್ಯ: ಎದುರುಬದುರು ಕೂರದೆ ಇಬ್ಬರೂ ಒಂದೇ ದಿಕ್ಕಿಗೆ ನೋಡುವ ಹೊತ್ತು ಆಗಬೇಕು. ಕಾಲುವೆ ಏರಿಯ ಮೇಲೆ ನಡೆಯುವಾಗ, ಬೈಕಿನ ಮೇಲೆ ಹೋಗುವಾಗ, ಕಾಳು ಹಸನು ಮಾಡುವಾಗ. ಅಲ್ಲಿ ಅವಳು ಆರೋಪ ಹೊರಿಸದೆ ಕಂಡದ್ದನ್ನಷ್ಟೇ ಹೇಳಿದರೆ ಉತ್ತರ ಬರುವ ಸಾಧ್ಯತೆ ಹೆಚ್ಚು: “ಅಪ್ಪ ಮಾತಾಡಿಸಿದಾಗ ನೀವು ಮೊಬೈಲ್ ನೋಡಕತ್ತಿದ್ರಿ. ಆವಾಗ ನಿಮಗ ಏನು ಅನಸ್ತಿತ್ತು?” ಅವನು ಹೇಳಿಯಾನು: “ಕೈ ನಡಗತಿತ್ತು. ನಿಮ್ಮಪ್ಪಗ ಕಂಡ್ರ ಏನು ತಿಳಕೊಂತಾರ ಅಂತ.” ಅಸಡ್ಡೆ ಎಂದುಕೊಂಡದ್ದು ಅತಿಯಾದ ಲಕ್ಷ್ಯವಾಗಿತ್ತು.

ಆಮೇಲೆ ಭಯದ ಸನ್ನಿವೇಶಗಳನ್ನು ಬರೆದು ಒಂದೊಂದಕ್ಕೂ 0ಯಿಂದ 100ರೊಳಗೆ ಅಂಕ ಕೊಡುವುದು. ಇವನ ಪಟ್ಟಿಯಲ್ಲಿ ಮೈದುನನ ಜೊತೆ ಒಂದು ಚಹಾ ಕುಡಿಯುವುದಕ್ಕೆ 20. ಅಂಗಡಿಯಲ್ಲಿ ತಂದ ಸಾಮಾನು ವಾಪಸು ಕೊಟ್ಟು ಬದಲಿ ಕೇಳುವುದಕ್ಕೆ 40. ಮಾವನಿಗೆ ತಾನೇ ಫೋನ್ ಮಾಡಿ ಕಾಲುವೆಗೆ ನೀರು ಬಂತೇ ಎಂದು ಕೇಳುವುದಕ್ಕೆ 50. ಮುಕ್ಕುಂದದ ಕಟ್ಟೆಯ ಮೇಲೆ ಮೊಬೈಲ್ ಜೇಬಿನಲ್ಲಿಟ್ಟು ಅರ್ಧ ತಾಸು ಕೂರುವುದಕ್ಕೆ 65. ಬೀಗರ ಮದುವೆಯ ಪಂಕ್ತಿಯಲ್ಲಿ ಉಣ್ಣುವುದಕ್ಕೆ 85. ಕೆಳಗಿನಿಂದ ಶುರು. ಅಂಕ ಅರ್ಧಕ್ಕೆ ಇಳಿಯುವವರೆಗೆ ಅದೇ ಮೆಟ್ಟಿಲನ್ನು ಹಲವು ಸಲ ಮಾಡುವುದು, ಆಮೇಲೆ ಮುಂದಿನದು.

ಪ್ರತಿ ಸಲ ಹೋಗುವ ಮುಂಚೆ ‘ಏನಾಗುತ್ತದೆ’ ಎಂದು ಅವನು ಒಂದು ಸಾಲು ಬರೆದಿಡಬೇಕು. “ದನಿ ನಡುಗುತ್ತದೆ, ಮಾವ ನಗುತ್ತಾರೆ.” ಬಂದ ಮೇಲೆ ಪಕ್ಕದಲ್ಲಿ ಆದದ್ದನ್ನು ಬರೆಯಬೇಕು. “ದನಿ ಸ್ವಲ್ಪ ನಡುಗಿತು. ಮಾವ ನೀರಿನ ಪಾಳಿಯ ಬಗ್ಗೆ ಹತ್ತು ನಿಮಿಷ ಮಾತಾಡಿದರು.” ಈ ಎರಡು ಸಾಲುಗಳ ಅಂತರವೇ ಔಷಧ. ಇನ್ನೊಂದು ಕಟ್ಟುನಿಟ್ಟು: ಪಾರಾಗುವ ಉಪಾಯಗಳನ್ನು ಬಿಟ್ಟು ಹೋಗಬೇಕು. ಮೊಬೈಲ್ ನೋಡುತ್ತಲೇ ಅರ್ಧ ತಾಸು ಕಳೆದರೆ ‘ಮೊಬೈಲ್ ಇದ್ದುದಕ್ಕೆ ಬದುಕಿದೆ’ ಎಂದು ಮನಸ್ಸು ಹೇಳುತ್ತದೆ, ಮೆಟ್ಟಿಲು ಹತ್ತಿದಂತಾಗುವುದಿಲ್ಲ. ಕಣ್ಣನ್ನು ದಿಟ್ಟಿಸುವುದೂ ಬೇಡ. ಗಮನವನ್ನು ತನ್ನಿಂದ ಹೊರಗೆ ಕಳಿಸಿದರೆ ಸಾಕು. ಮಾವನ ಹೆಗಲ ಮೇಲಿನ ಟವಲ್ ಯಾವ ಬಣ್ಣದ್ದು, ಅವರು ಯಾವ ಹೊಲದ ಸುದ್ದಿ ಹೇಳುತ್ತಿದ್ದಾರೆ, ಯಾವ ಮಾತಿಗೆ ದನಿ ಏರಿತು ಎಂದು ಗಮನಿಸುತ್ತ ಹೋದರೆ ಕಣ್ಣು ತಾನಾಗಿ ಮೇಲೇಳುತ್ತದೆ. ಹೆಂಡತಿಯ ಪಾಲಿಗೆ ಬರುವುದು ಕಷ್ಟದ ಕೆಲಸ: ಅವನು ತಡವರಿಸಿದಾಗ ನಡುವೆ ಬಾಯಿ ಹಾಕದೆ ಇರುವುದು. ಭಾರವಾದರೆ ಹತ್ತು ನಿಮಿಷ ಹೊರಗೆ ಹೋಗಿ ಬರಲು ಇಬ್ಬರಿಗಷ್ಟೇ ಗೊತ್ತಿರುವ ಒಂದು ಸನ್ನೆ ಇಟ್ಟುಕೊಳ್ಳಬಹುದು. ಹೊರಗೆ ಹೋದವನು ಮರಳಿ ಒಳಗೆ ಬರಬೇಕು ಎಂಬ ಕರಾರಿನ ಮೇಲೆ.

ಎಲ್ಲಿ ತಪ್ಪುತ್ತದೆ ಎಂಬುದಕ್ಕೆ ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಉದಾಹರಣೆ ಕುಡಿತ. ಮದುವೆಗೋ ಮೊಹರಮ್ಮಿಗೋ ಹೊರಡುವ ಮುಂಚೆ ‘ಧೈರ್ಯಕ್ಕೆ’ ಸ್ವಲ್ಪ ಹಾಕಿಕೊಳ್ಳುವವನು ಆ ದಿನ ಎಲ್ಲರ ಜೊತೆ ನಕ್ಕು ಮಾತಾಡಿ ಬರುತ್ತಾನೆ. ಮುಂದಿನ ಸಲ ಕುಡಿಯದೆ ಹೋಗುವುದು ಇನ್ನೂ ಕಷ್ಟವಾಗುತ್ತದೆ. ಸಾಮಾಜಿಕ ಆತಂಕದ ಬೆನ್ನಿಗೆ ಕುಡಿತದ ಚಟ ಬರುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಗಂಡ ‘ಜನರ ಮುಂದೆ ಮಾತ್ರ’ ಕುಡಿಯುತ್ತಾನೆ ಎಂದು ಹೆಂಡತಿ ಹೇಳಿದರೆ ಕೇಳುವವರು ಆತಂಕದ ಬಗ್ಗೆಯೂ ಒಂದು ಪ್ರಶ್ನೆ ಕೇಳಬೇಕು.

ಇನ್ನೊಂದು ತಪ್ಪು, ಎಲ್ಲವನ್ನೂ ಆತಂಕದ ಖಾತೆಗೆ ಬರೆಯುವುದು. ಹೊಡೆಯುವುದು, ಹೀಯಾಳಿಸುವುದು, ದುಡಿದ ಹಣ ಕಸಿದುಕೊಳ್ಳುವುದು, ತವರಿಗೆ ಹೋಗಗೊಡದಿರುವುದು ಆತಂಕದ ಲಕ್ಷಣಗಳಲ್ಲ, ಆಟಿಸಮ್ಮಿನ ಲಕ್ಷಣಗಳೂ ಅಲ್ಲ. “ನೀ ಹಂಗ ಹೇಳಿದ್ದಿ, ನಾ ಹಂಗ ಮಾಡಿದೆ” ಎಂಬ ನೆಪವನ್ನು ಪರೀಕ್ಷಿಸಲು ಒಂದು ದಾರಿಯಿದೆ. ಸ್ಪಷ್ಟವಾಗಿ, ಒಂದೇ ಅರ್ಥ ಬರುವಂತೆ ಹೇಳಿದ ಮೇಲೆ ಏನಾಗುತ್ತದೆ ಎಂದು ನೋಡುವುದು. ಮಾತು ತಿಳಿಯದೆ ತಪ್ಪಿದವರು ಬಿಡಿಸಿ ಹೇಳಿದ ಕೂಡಲೇ ನಿರಾಳವಾಗಿ ತಿದ್ದಿಕೊಳ್ಳುತ್ತಾರೆ. ಬಿಡಿಸಿ ಹೇಳಿದ ಮೇಲೂ ನೋಯಿಸುವ ಕೆಲಸ ನಡೆದೇ ಇದ್ದರೆ ಪ್ರಶ್ನೆ ತಿಳಿವಳಿಕೆಯದಲ್ಲ. ಅಲ್ಲಿ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಇದೆ, ಮಹಿಳಾ ಸಹಾಯವಾಣಿ 181 ಇದೆ.

ವೈದ್ಯರ ಬಳಿ ಹೋಗುವುದಕ್ಕೆ ಈ ಸೀಮೆಯವರು ಬೆಂಗಳೂರಿನ ನಿಮ್ಹಾನ್ಸ್‌ವರೆಗೆ ಹೋಗಲೇಬೇಕೆಂದಿಲ್ಲ. ಇದರಲ್ಲಿ ನೆರೆಯ ಬಳ್ಳಾರಿ ಜಿಲ್ಲೆಗೊಂದು ಚರಿತ್ರೆಯೇ ಇದೆ. 1980ರ ದಶಕದ ನಡುವಿನಲ್ಲಿ ನಿಮ್ಹಾನ್ಸ್ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟು, ಮನಸ್ಸಿನ ಕಾಯಿಲೆಗೆ ಊರ ಹತ್ತಿರವೇ ಚಿಕಿತ್ಸೆ ಸಿಗುವಂತೆ ಮಾಡಿ ನೋಡಿತು. ಆ ‘ಬಳ್ಳಾರಿ ಮಾದರಿ’ಯೇ 1996ರಲ್ಲಿ ಕೇಂದ್ರ ಸರಕಾರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು. ಇವತ್ತು ರಾಯಚೂರಿನಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ರಿಮ್ಸ್ ಇದೆ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ವಾರದ ನಿಗದಿತ ದಿನ ಕೂರುವ ಮನೋಚೈತನ್ಯ ಕಾರ್ಯಕ್ರಮದ ದಿನ ಯಾವುದೆಂದು ಊರಿನ ಆಶಾ ಕಾರ್ಯಕರ್ತೆಯನ್ನೋ ಆಸ್ಪತ್ರೆಯನ್ನೋ ಕೇಳಿ ತಿಳಿದು ಹೋಗಬೇಕು.

ಜನರನ್ನು ಕಂಡರೆ ಹೆದರುವವನಿಗೆ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವುದೇ ದೊಡ್ಡ ಮೆಟ್ಟಿಲು. ಅಂಥವರಿಗೆ ಟೆಲಿ ಮನಸ್ ಅನುಕೂಲ. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆಯ ಸಂಖ್ಯೆ 14416. ಕರೆ ಉಚಿತ, ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ಯಾರ ಮುಖವನ್ನೂ ನೋಡಬೇಕಿಲ್ಲ. ಆತಂಕಕ್ಕೆ ಮಾತಿನ ಚಿಕಿತ್ಸೆ ಸಾಮಾನ್ಯವಾಗಿ ವಾರಕ್ಕೊಮ್ಮೆಯಂತೆ ಮೂರು ನಾಲ್ಕು ತಿಂಗಳು ನಡೆಯುತ್ತದೆ. ವೈದ್ಯರು ಗುಳಿಗೆ ಬರೆದುಕೊಟ್ಟರೆ ಅದರ ಗುಣ ಕಾಣಲು ಕೆಲವು ವಾರ ಬೇಕು. ಹತ್ತು ದಿನಕ್ಕೆ ‘ಏನೂ ಆಗಲಿಲ್ಲ’ ಎಂದೋ, ಎರಡು ತಿಂಗಳಿಗೆ ‘ಆರಾಮಾಯಿತು’ ಎಂದೋ ತಾವೇ ನಿಲ್ಲಿಸಬಾರದು. ಮೊದಲ ಭೇಟಿಗೆ ಹೋಗುವಾಗ ಹೆಂಡತಿ ದೂರುಗಳ ಪಟ್ಟಿಗಿಂತ ಆ ಎರಡು ಮೂರು ವಾರದ ಟಿಪ್ಪಣಿ ಒಯ್ದರೆ ವೈದ್ಯರ ಕೆಲಸ ಹಗುರಾಗುತ್ತದೆ: ಯಾವ ದಿನ, ಎಲ್ಲಿ, ಯಾರ ಮುಂದೆ ಕಣ್ಣು ತಪ್ಪಿತು; ಯಾರ ಮುಂದೆ ತಪ್ಪಲಿಲ್ಲ; ಯಾವ ಮಾತು ಹೇಗೆ ಅರ್ಥವಾಯಿತು; ಚಿಕ್ಕಂದಿನಲ್ಲಿ ಹೇಗಿದ್ದ ಎಂದು ಅವನ ಅವ್ವ ಹೇಳಿದ ನಾಲ್ಕು ಮಾತು. ಆ ಚೀಟಿಯನ್ನು ವೈದ್ಯರಿಗೆ ಕೊಡುವ ಮುಂಚೆ ಅವನಿಗೂ ಓದಲು ಕೊಡಬೇಕು. ಅವನು ತಿದ್ದುವ ಸಾಲುಗಳನ್ನು ಹಾಗೆಯೇ ಉಳಿಸಿಕೊಳ್ಳಬೇಕು, ವೈದ್ಯರು ಹೆಚ್ಚು ಪ್ರಶ್ನೆ ಕೇಳುವುದು ಅವುಗಳ ಮೇಲೆಯೇ.